ಪಾದರಸವಿಲ್ಲದೆ ಒತ್ತಡ ಅಳೆಯುವುದು: ಹೀಲಿಯಂ ಲೆಕ್ಕದಲ್ಲಿ ಆ ‘ಮೂರನೇ ಒಂದು ಭಾಗ’ ಏಕೆ ಬೇಕು?

ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟಾ ಒಪ್ಪಂದ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಆಸ್ಪತ್ರೆಗಳಿಂದ ಪಾದರಸದ ಥರ್ಮಾಮೀಟರ್, ರಕ್ತದೊತ್ತಡ ಮಾಪಕಗಳು ಮರೆಯಾಗುತ್ತಿರುವುದು ಎಲ್ಲರ ಕಣ್ಣಿಗೆ ಬಿದ್ದಿದೆ. ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆ ಅಳತೆಯ ಮೂಲ ಮಾನದಂಡಗಳನ್ನು ಕಾಯುವ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆ ಪಿಟಿಬಿ, ಹೀಲಿಯಂ ಅನಿಲ ತುಂಬಿದ ಕೆಪಾಸಿಟರ್‌ನಿಂದ ಒತ್ತಡವನ್ನು ಅಳೆದು ತೋರಿಸಿದೆ. ಅಮೆರಿಕದ ನಿಸ್ಟ್ ಸಂಸ್ಥೆ ಅದೇ ಕೆಲಸವನ್ನು ಬೆಳಕಿನಿಂದ ಮಾಡುವ ಉಪಕರಣವನ್ನು ರೂಪಿಸಿದೆ.

ಈ ಸುದ್ದಿಗಳನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಒತ್ತಡವೆಂದರೆ ಒಂದು ವಿಸ್ತೀರ್ಣದ ಮೇಲೆ ಬೀಳುವ ಬಲ. ಕೆಪಾಸಿಟರ್ ಎಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಲೋಹದ ಎರಡು ಫಲಕಗಳು. ಇವೆರಡಕ್ಕೆ ಏನು ಸಂಬಂಧ? ಜೊತೆಗೆ, ವಿಜ್ಞಾನ ಓದಿದವರಿಗೂ ಒಂದು ಅನುಮಾನ ಉಳಿಯುತ್ತದೆ. ಅನಿಲ ವಿರಳವಾದ ವಸ್ತು, ಅದರ ಸೂತ್ರ ಸರಳ. ಹಾಗಿರುವಾಗ ದ್ರವ ಮತ್ತು ಘನ ವಸ್ತುಗಳಿಗೆಂದು ಪಠ್ಯಪುಸ್ತಕಗಳು ಮೀಸಲಿಟ್ಟಿರುವ ‘ಮೂರನೇ ಒಂದು ಭಾಗ’ದ ತಿದ್ದುಪಡಿಯನ್ನು ಹೀಲಿಯಂನಂತಹ ಹಗುರ ಅನಿಲಕ್ಕೆ ಇವರು ಏಕೆ ಹಚ್ಚುತ್ತಿದ್ದಾರೆ?

ಒಂದು ಪರಮಾಣುವಿನ ಪ್ರತಿಕ್ರಿಯೆ

ಹೀಲಿಯಂ ಪರಮಾಣುವನ್ನು ವಿದ್ಯುತ್ ಕ್ಷೇತ್ರದಲ್ಲಿ ಇಟ್ಟರೆ ಅದರ ಬೀಜ ಒಂದು ಕಡೆಗೆ, ಎರಡು ಎಲೆಕ್ಟ್ರಾನುಗಳ ಮೋಡ ಇನ್ನೊಂದು ಕಡೆಗೆ ಸರಿಯುತ್ತದೆ. ಈ ಸರಿಯುವಿಕೆ ಎಷ್ಟು ಚಿಕ್ಕದೆಂದರೆ, ಮೀಟರಿಗೆ ಒಂದು ಲಕ್ಷ ವೋಲ್ಟ್‌ನಷ್ಟು ಪ್ರಬಲ ಕ್ಷೇತ್ರದಲ್ಲೂ ಅದು ಹೀಲಿಯಂ ಬೀಜದ ತ್ರಿಜ್ಯದ ಇನ್ನೂರರಲ್ಲಿ ಒಂದು ಭಾಗವನ್ನು ಮುಟ್ಟುವುದಿಲ್ಲ. ಆದರೂ ಧನ ಮತ್ತು ಋಣ ಆವೇಶಗಳ ಕೇಂದ್ರಗಳು ಬೇರೆಯಾದದ್ದರಿಂದ ಪರಮಾಣು ಒಂದು ಪುಟ್ಟ ದ್ವಿಧ್ರುವವಾಗುತ್ತದೆ. ಕ್ಷೇತ್ರ ದುಪ್ಪಟ್ಟಾದರೆ ದ್ವಿಧ್ರುವವೂ ದುಪ್ಪಟ್ಟಾಗುತ್ತದೆ. ಈ ಅನುಪಾತದ ಗುಣಾಂಕವೇ ಧ್ರುವೀಕರಣ ಸಾಮರ್ಥ್ಯ. ಅದನ್ನು α ಎಂದು ಬರೆಯುತ್ತಾರೆ.

ಇನ್ನೊಂದು ತುದಿಯಲ್ಲಿ ಇರುವುದು ಡೈಎಲೆಕ್ಟ್ರಿಕ್ ಸ್ಥಿರಾಂಕ ε. ಖಾಲಿ ಕೆಪಾಸಿಟರ್‌ಗೆ ಅನಿಲ ತುಂಬಿದಾಗ ಅದರ ಕೆಪಾಸಿಟೆನ್ಸ್ ಎಷ್ಟು ಪಟ್ಟು ಹೆಚ್ಚಿತು ಎಂಬುದನ್ನು ಅದು ಹೇಳುತ್ತದೆ. α ಒಂದು ಪರಮಾಣುವಿನ ಗುಣ, ε ಇಡೀ ವಸ್ತುವಿನ ಗುಣ. ಅನಿಲ ವಿರಳವಾಗಿದ್ದರೆ ಇವೆರಡರ ನಡುವಿನ ಸೇತುವೆ ಬಹಳ ನೇರವಾದದ್ದು. ಒಂದು ಘನ ಮೀಟರಿನಲ್ಲಿ N ಪರಮಾಣುಗಳಿದ್ದರೆ ಅವುಗಳ ದ್ವಿಧ್ರುವಗಳನ್ನೆಲ್ಲ ಕೂಡಿಸಿದರಾಯಿತು:

ε − 1 = Nα/ε₀

ಇಲ್ಲಿ ε₀ ನಿರ್ವಾತದ ಸ್ಥಿರಾಂಕ. ಹೀಲಿಯಂಗೆ α/ε₀ ಬೆಲೆ 2.58 × 10⁻³⁰ ಘನ ಮೀಟರ್. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸಾಮಾನ್ಯ ವಾಯುಮಂಡಲ ಒತ್ತಡದಲ್ಲಿ ಒಂದು ಘನ ಮೀಟರಿನಲ್ಲಿ 2.50 × 10²⁵ ಪರಮಾಣುಗಳಿರುತ್ತವೆ. ಗುಣಿಸಿದರೆ 0.0000645 ಬರುತ್ತದೆ. ಅಂದರೆ ಹೀಲಿಯಂನ ಡೈಎಲೆಕ್ಟ್ರಿಕ್ ಸ್ಥಿರಾಂಕ 1.0000645. ಕೋಷ್ಟಕಗಳಲ್ಲಿ ಕಾಣುವುದೂ ಇದೇ ಸಂಖ್ಯೆ.

ಒತ್ತಡ ಎಲ್ಲಿಂದ ಬಂತು?

ಮೇಲಿನ ಸೂತ್ರವನ್ನು ತಿರುಗಿಸಿ ಓದಿದರೆ ಹೊಸ ಮಾಪಕದ ಗುಟ್ಟು ಬಯಲಾಗುತ್ತದೆ. ε ಅಳೆದು, α ಗೊತ್ತಿದ್ದರೆ, N ಸಿಗುತ್ತದೆ. ಅಂದರೆ ಪಾತ್ರೆಯೊಳಗೆ ಪರಮಾಣುಗಳು ಎಷ್ಟು ದಟ್ಟವಾಗಿವೆ ಎಂದು ಕೆಪಾಸಿಟರ್ ಎಣಿಸಿ ಹೇಳಿದಂತಾಯಿತು. ಅನಿಲದ ಒತ್ತಡವೆಂದರೆ ಆ ದಟ್ಟಣೆಯನ್ನು kTಯಿಂದ ಗುಣಿಸಿದ್ದು. T ಉಷ್ಣತೆ, k ಬೋಲ್ಟ್ಸ್‌ಮನ್ ಸ್ಥಿರಾಂಕ. 2019ರ ಮೇ 20ರಿಂದ k ಬೆಲೆಯನ್ನು 1.380649 × 10⁻²³ ಜೌಲ್ ಪ್ರತಿ ಕೆಲ್ವಿನ್ ಎಂದು ಅಂತರರಾಷ್ಟ್ರೀಯ ಮಾನ ವ್ಯವಸ್ಥೆಯಲ್ಲೇ ನಿಗದಿ ಮಾಡಲಾಗಿದೆ. ಹಾಗಾಗಿ ಅದರಲ್ಲಿ ಅನಿಶ್ಚಿತತೆ ಎಂಬುದೇ ಇಲ್ಲ.

ಉಳಿದದ್ದು α. ಹೀಲಿಯಂ ಅನ್ನೇ ಆರಿಸಿಕೊಂಡ ಕಾರಣ ಇಲ್ಲಿದೆ. ಅದರಲ್ಲಿ ಇರುವುದು ಎರಡೇ ಎಲೆಕ್ಟ್ರಾನು. ಕ್ವಾಂಟಂ ಸಿದ್ಧಾಂತದಿಂದ ಅದರ α ಬೆಲೆಯನ್ನು ಲೆಕ್ಕ ಹಾಕಿಯೇ, ದಶಲಕ್ಷದಲ್ಲಿ ಒಂದು ಭಾಗಕ್ಕಿಂತ ಉತ್ತಮ ನಿಖರತೆಯಲ್ಲಿ ತಿಳಿಯಬಹುದು. ಬೇರೆ ಯಾವುದೇ ಒತ್ತಡಮಾಪಕದ ಮುಂದಿಟ್ಟು ಹೋಲಿಸಿ ಸರಿಹೊಂದಿಸುವ ಅಗತ್ಯ ಬೀಳುವುದಿಲ್ಲ. ಪಾದರಸದ ಸ್ತಂಭ ತನ್ನ ಎತ್ತರ, ಸಾಂದ್ರತೆ ಮತ್ತು ಗುರುತ್ವದ ಬಲದಿಂದ ಒತ್ತಡ ಹೇಳುತ್ತಿತ್ತು. ನಿಸ್ಟ್‌ನ ಪಾದರಸ ಮಾಪಕ ಸುಮಾರು ಮೂರು ಮೀಟರ್ ಎತ್ತರದ್ದು. ಆ ಸ್ಥಾನಕ್ಕೆ ಈಗ ಒಂದು ಪರಮಾಣುವಿನ ಗುಣ ಬಂದು ಕೂತಿದೆ.

ಆದರೆ ಒಂದು ತೊಡಕಿದೆ. 0.0000645 ಎಂಬುದು ತೀರಾ ಚಿಕ್ಕ ಬದಲಾವಣೆ. 10 ಪಿಕೊಫ್ಯಾರಡ್ ಕೆಪಾಸಿಟರ್‌ನಲ್ಲಿ ಅದು ಒಂದು ಪಿಕೊಫ್ಯಾರಡ್‌ನ ಸಾವಿರದಲ್ಲಿ ಒಂದು ಭಾಗವೂ ಆಗುವುದಿಲ್ಲ. ಒತ್ತಡವನ್ನು ದಶಲಕ್ಷಕ್ಕೆ 5 ಭಾಗದ ನಿಖರತೆಯಲ್ಲಿ ಹೇಳಬೇಕಾದರೆ, ಆ ಚಿಕ್ಕ ಬದಲಾವಣೆಯನ್ನೇ ಮತ್ತೆ ಎರಡು ಲಕ್ಷ ಹೋಳು ಮಾಡಿ ಒಂದು ಹೋಳನ್ನು ಗುರುತಿಸಬೇಕು. ಕೆಪಾಸಿಟೆನ್ಸ್ ಅಳೆಯುವ ವಿದ್ಯುತ್ ಸೇತುಮಂಡಲಗಳು ಎಷ್ಟೇ ಸೂಕ್ಷ್ಮವಾಗಿದ್ದರೂ ಇದು ಅವುಗಳ ಮಿತಿಗೆ ತಗಲುತ್ತದೆ. ಹೊರದಾರಿ ಒಂದೇ: ಒತ್ತಡ ಏರಿಸುವುದು. ಪರಮಾಣುಗಳು ಹೆಚ್ಚಿದಷ್ಟೂ ಸಂಕೇತ ಹೆಚ್ಚುತ್ತದೆ. ಪಿಟಿಬಿ ತಂಡ 7 ಮೆಗಾಪ್ಯಾಸ್ಕಲ್‌ವರೆಗೆ, ಅಂದರೆ ವಾಯುಮಂಡಲದ ಸುಮಾರು ಎಪ್ಪತ್ತು ಪಟ್ಟು ಒತ್ತಡದವರೆಗೆ ಹೋಯಿತು. ಅಲ್ಲಿ ಸಂಕೇತವೇನೋ ದೊಡ್ಡದಾಯಿತು; ಅದರ ಬೆನ್ನಿಗೆ ‘ವಿರಳ ಅನಿಲ’ ಎಂಬ ಊಹೆ ಕುಸಿಯಿತು.

ಪರಮಾಣುವಿಗೆ ತಗಲುವುದು ಯಾವ ಕ್ಷೇತ್ರ?

ಸರಳ ಸೂತ್ರದಲ್ಲಿ ಒಂದು ಊಹೆ ಅಡಗಿದೆ. ಪ್ರತಿ ಪರಮಾಣುವಿಗೂ ತಗಲುವುದು ಕೆಪಾಸಿಟರ್ ಒಳಗಿನ ಸರಾಸರಿ ಕ್ಷೇತ್ರ E ಎಂದು ಅದು ಸದ್ದಿಲ್ಲದೆ ಒಪ್ಪಿಕೊಂಡಿದೆ. ಇದು ನಿಜವಲ್ಲ, ಮತ್ತು ಏಕೆ ನಿಜವಲ್ಲ ಎಂಬುದು ನಿಧಾನವಾಗಿ ನೋಡಬೇಕಾದ ಸಂಗತಿ.

E ಎಂಬುದು ಇಡೀ ಜಾಗದ ಮೇಲೆ ತೆಗೆದ ಸರಾಸರಿ. ‘ಇಡೀ ಜಾಗ’ ಎಂದಾಗ ಪರಮಾಣುಗಳ ನಡುವಿನ ಖಾಲಿ ಜಾಗವೂ ಬಂತು, ಪರಮಾಣುಗಳ ಒಡಲೂ ಬಂತು. ದ್ವಿಧ್ರುವವಾದ ಪರಮಾಣುವಿನ ಒಡಲಲ್ಲಿ ಅದರದೇ ಆವೇಶಗಳು ಹುಟ್ಟಿಸಿದ ಕ್ಷೇತ್ರ ಹೊರಗಿನ ಕ್ಷೇತ್ರಕ್ಕೆ ವಿರುದ್ಧ ದಿಕ್ಕಿನಲ್ಲಿರುತ್ತದೆ. ಧನ ಆವೇಶ ಮುಂದಕ್ಕೆ, ಋಣ ಆವೇಶ ಹಿಂದಕ್ಕೆ ಸರಿದಿರುವುದರಿಂದ ನಡುವಿನ ಕ್ಷೇತ್ರ ಮುಂದಿನಿಂದ ಹಿಂದಕ್ಕೆ ತಿರುಗುತ್ತದೆ. ಹೀಗೆ ಪ್ರತಿ ಪರಮಾಣುವೂ ತನ್ನ ಒಡಲಲ್ಲಿ ಸರಾಸರಿಯನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಒಂದು ಪರಮಾಣುವಿಗೆ ಸಲ್ಲುವ ಗೋಳಾಕಾರದ ಜಾಗವನ್ನು ತೆಗೆದುಕೊಂಡು ಈ ಎಳೆತವನ್ನು ಲೆಕ್ಕ ಹಾಕಿದರೆ ಅದು −P/3ε₀ ಎಂದು ಬರುತ್ತದೆ. P ಎಂದರೆ ಒಂದು ಘನ ಮೀಟರಿನಲ್ಲಿರುವ ದ್ವಿಧ್ರುವಗಳ ಮೊತ್ತ. ಮೂರನೇ ಒಂದು ಭಾಗ ಬಂದದ್ದು ಗೋಳದ ಜ್ಯಾಮಿತಿಯಿಂದ. ಗೋಳಕ್ಕೆ ಮೂರು ದಿಕ್ಕುಗಳೂ ಸಮಾನ.

ಆದರೆ ಯಾವ ಪರಮಾಣುವೂ ತನ್ನದೇ ಕ್ಷೇತ್ರದಿಂದ ಧ್ರುವೀಕರಣಗೊಳ್ಳುವುದಿಲ್ಲ. ಅದಕ್ಕೆ ತಗಲುವುದು ಉಳಿದವರೆಲ್ಲ ಸೇರಿ ಮಾಡಿದ ಕ್ಷೇತ್ರ ಮಾತ್ರ. ಹಾಗಾಗಿ ಸರಾಸರಿಯಿಂದ ಅದರ ಸ್ವಂತ ಪಾಲನ್ನು ಕಳೆಯಬೇಕು. ಋಣವನ್ನು ಕಳೆದರೆ ಕೂಡಿದಂತೆ:

E_ಸ್ಥಳೀಯ = E + P/3ε₀

ಇದನ್ನು ಲೊರೆಂಟ್ಸ್‌ನ ಸ್ಥಳೀಯ ಕ್ಷೇತ್ರ ಎನ್ನುತ್ತಾರೆ. ಪರಮಾಣುಗಳು ದಟ್ಟವಾದಷ್ಟೂ P ಹೆಚ್ಚುತ್ತದೆ. P ಹೆಚ್ಚಿದರೆ ಸ್ಥಳೀಯ ಕ್ಷೇತ್ರ ಹೆಚ್ಚುತ್ತದೆ. ಸ್ಥಳೀಯ ಕ್ಷೇತ್ರ ಹೆಚ್ಚಿದರೆ ಪ್ರತಿ ಪರಮಾಣುವಿನ ದ್ವಿಧ್ರುವ ಹಿಗ್ಗಿ P ಇನ್ನಷ್ಟು ಏರುತ್ತದೆ. ಈ ಸುತ್ತನ್ನು ಬಿಡಿಸಿ ಬರೆದಾಗ ಸಿಗುವುದೇ ಕ್ಲೌಸಿಯಸ್–ಮೊಸ್ಸೊಟ್ಟಿ ಸಂಬಂಧ. ಇಟಲಿಯ ಮೊಸ್ಸೊಟ್ಟಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇದರ ತಳಹದಿ ಹಾಕಿದ; ಜರ್ಮನಿಯ ಕ್ಲೌಸಿಯಸ್ 1879ರಲ್ಲಿ ಇದಕ್ಕೆ ಸ್ಪಷ್ಟ ರೂಪ ಕೊಟ್ಟ.

(ε − 1)/(ε + 2) = Nα/3ε₀

ಬಲಗಡೆಯ ಸಂಖ್ಯೆಯನ್ನು x ಎಂದು ಕರೆಯೋಣ. ಸರಳ ಸೂತ್ರದ ಪ್ರಕಾರ ε − 1 = 3x. ತಿದ್ದಿದ ಸೂತ್ರದ ಪ್ರಕಾರ ε − 1 = 3x/(1 − x). ಎರಡರ ನಡುವಿನ ಸಾಪೇಕ್ಷ ವ್ಯತ್ಯಾಸ ಹೆಚ್ಚುಕಡಿಮೆ xನಷ್ಟೇ. ಯಾವ ವಸ್ತುವಿಗೆ ತಿದ್ದುಪಡಿ ಬೇಕು, ಯಾವುದಕ್ಕೆ ಬೇಡ ಎಂಬ ಪ್ರಶ್ನೆಗೆ ಉತ್ತರ ಈ x ಒಂದರಲ್ಲೇ ಇದೆ. ಅದು ಅನಿಲವೋ ದ್ರವವೋ ಎಂಬುದು ಮುಖ್ಯವಲ್ಲ. ನಾವು ಬಯಸುವ ನಿಖರತೆಗಿಂತ x ದೊಡ್ಡದೋ ಚಿಕ್ಕದೋ ಎಂಬುದಷ್ಟೇ ಮುಖ್ಯ.

ಎಪ್ಪತ್ತು ಪಟ್ಟು ಒತ್ತಡದಲ್ಲಿ ಆಗುವುದೇನು

ಈಗ ಸಂಖ್ಯೆಗಳನ್ನು ಹಾಕಿ ನೋಡೋಣ. ಸಾಮಾನ್ಯ ವಾಯುಮಂಡಲ ಒತ್ತಡದಲ್ಲಿ ಹೀಲಿಯಂನ x ಬೆಲೆ 0.0000215. ತಿದ್ದುಪಡಿ ಬಿಟ್ಟರೆ ಒತ್ತಡದಲ್ಲಿ ಸುಮಾರು 2 ಪ್ಯಾಸ್ಕಲ್ ತಪ್ಪಾಗುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕಾಗಿಯೂ ಇಲ್ಲ. ಆದರೆ ದಶಲಕ್ಷಕ್ಕೆ 5 ಭಾಗ ನಿಖರತೆ ಬೇಕೆನ್ನುವವರಿಗೆ ಇದು ದಶಲಕ್ಷಕ್ಕೆ 21 ಭಾಗದ ತಪ್ಪು. ‘ಅನಿಲಕ್ಕೆ ತಿದ್ದುಪಡಿ ಬೇಡ’ ಎಂಬ ಪಠ್ಯಪುಸ್ತಕದ ಮಾತು ಇಷ್ಟು ಕಡಿಮೆ ಒತ್ತಡದಲ್ಲೇ ಅವರಿಗೆ ಒದಗುವುದಿಲ್ಲ.

7 ಮೆಗಾಪ್ಯಾಸ್ಕಲ್‌ನಲ್ಲಿ, ನೀರಿನ ತ್ರಿಬಿಂದುವಿನ ಉಷ್ಣತೆಯಾದ 273.16 ಕೆಲ್ವಿನ್‌ನಲ್ಲಿ, ಒಂದು ಘನ ಮೀಟರಿನಲ್ಲಿ ಸುಮಾರು 1.79 × 10²⁷ ಪರಮಾಣುಗಳಿರುತ್ತವೆ. x ಬೆಲೆ 0.00154. ಸರಳ ಸೂತ್ರ ε ಅನ್ನು 1.00462 ಎನ್ನುತ್ತದೆ, ತಿದ್ದಿದ ಸೂತ್ರ 1.00463 ಎನ್ನುತ್ತದೆ. ಐದನೇ ದಶಮಾಂಶದಲ್ಲಿ ಒಂದು ಅಂಕೆ ಬದಲಾಯಿತು, ಅಷ್ಟೇ ತಾನೆ ಎನಿಸಬಹುದು. ಆದರೆ ಒತ್ತಡ ಇರುವುದು ಒಂದರಲ್ಲಲ್ಲ, ಒಂದರ ನಂತರದ ಭಾಗದಲ್ಲಿ. ಆ ಭಾಗದಲ್ಲಿ ತಪ್ಪು ಶೇ 0.15ರಷ್ಟು. ಒತ್ತಡಕ್ಕೆ ತಿರುಗಿಸಿದರೆ ಅದು ಸುಮಾರು 10,800 ಪ್ಯಾಸ್ಕಲ್, ವಾಯುಮಂಡಲದ ಹತ್ತನೇ ಒಂದು ಭಾಗ. ಹಳೆಯ ಭಾಷೆಯಲ್ಲೇ ಹೇಳುವುದಾದರೆ 80 ಮಿಲಿಮೀಟರ್ ಪಾದರಸ. ಪ್ರಯೋಗದ ಅನಿಶ್ಚಿತತೆಯೋ ಸುಮಾರು 35 ಪ್ಯಾಸ್ಕಲ್. ಸ್ಥಳೀಯ ಕ್ಷೇತ್ರವನ್ನು ಮರೆತರೆ ತಪ್ಪು ಅದರ ಮುನ್ನೂರು ಪಟ್ಟಾಗುತ್ತದೆ.

ಇದೊಂದೇ ತಿದ್ದುಪಡಿ ಎಂದು ತಿಳಿಯಬಾರದು. ಅಷ್ಟು ಒತ್ತಡದಲ್ಲಿ ಹೀಲಿಯಂ ಆದರ್ಶ ಅನಿಲದಂತೆ ವರ್ತಿಸುವುದಿಲ್ಲ. ಪರಮಾಣುಗಳು ಒಂದನ್ನೊಂದು ತಳ್ಳುವುದರಿಂದ ಒತ್ತಡ ಶೇ 3.5ರಷ್ಟು ಹೆಚ್ಚೇ ಇರುತ್ತದೆ. ಇದನ್ನೂ ಕ್ವಾಂಟಂ ಲೆಕ್ಕದಿಂದಲೇ ತೆಗೆಯುತ್ತಾರೆ. ಕೆಪಾಸಿಟರ್‌ನ ಲೋಹ ಒತ್ತಡಕ್ಕೆ ಕುಗ್ಗುತ್ತದೆ. ಅದಕ್ಕಾಗಿಯೇ ಅತಿ ಗಡುಸಾದ ಟಂಗ್‌ಸ್ಟನ್ ಕಾರ್ಬೈಡ್ ಬಳಸುತ್ತಾರೆ, ಆದರೂ ಅದರ ಕುಗ್ಗುವಿಕೆ ಅಳೆಯಬೇಕಾದ ಬದಲಾವಣೆಯ ಸುಮಾರು ಸಾವಿರದಲ್ಲಿ ಒಂದು ಭಾಗ ಆಗಿಯೇ ತೀರುತ್ತದೆ. ಕುತೂಹಲದ ಸಂಗತಿಯೆಂದರೆ ಇದು ಮತ್ತು ಸ್ಥಳೀಯ ಕ್ಷೇತ್ರದ ತಿದ್ದುಪಡಿ ಹೆಚ್ಚುಕಡಿಮೆ ಒಂದೇ ಗಾತ್ರದವು. ಒಂದನ್ನು ಬಿಟ್ಟವನು ಇನ್ನೊಂದನ್ನು ಎಷ್ಟು ಎಚ್ಚರದಿಂದ ಮಾಡಿದರೂ ಉಪಯೋಗವಿಲ್ಲ.

ಸೂತ್ರ ಸರಿಯೆಂದು ತಿಳಿಯುವುದು ಹೇಗೆ? ಆರ್ಗಾನ್ ಹೇಳುತ್ತದೆ

ಹೀಲಿಯಂನಲ್ಲಿ ತಿದ್ದುಪಡಿ ಸೂಕ್ಷ್ಮ. ಅದು ಢಾಳಾಗಿ ಕಾಣಬೇಕಾದರೆ ಆರ್ಗಾನ್ ನೋಡಬೇಕು. ಆರ್ಗಾನ್ ಅನಿಲವನ್ನು ಅಳೆದು ಒಂದು ಮೋಲ್‌ಗೆ ಲೆಕ್ಕ ಹಾಕಿದರೆ ಅದರ ಧ್ರುವೀಕರಣ ಸಾಮರ್ಥ್ಯ 4.14 ಘನ ಸೆಂಟಿಮೀಟರ್ ಎಂದು ಬರುತ್ತದೆ. ಈಗ ಅದೇ ಆರ್ಗಾನನ್ನು 87 ಕೆಲ್ವಿನ್‌ಗೆ ತಣಿಸಿ ದ್ರವ ಮಾಡೋಣ. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.40 ಗ್ರಾಂ ಆಗುತ್ತದೆ; ಅಂದರೆ ಒಂದು ಲೀಟರಿನಲ್ಲಿ ಸುಮಾರು 35 ಮೋಲ್. x ಬೆಲೆ 0.145.

ಸರಳ ಸೂತ್ರಕ್ಕೆ ಇದನ್ನು ಹಾಕಿದರೆ ε = 1.43. ಕ್ಲೌಸಿಯಸ್–ಮೊಸ್ಸೊಟ್ಟಿಗೆ ಹಾಕಿದರೆ 1.51. ಅಳತೆ ಹೇಳುವುದು ಸುಮಾರು 1.505. ಅನಿಲದಲ್ಲಿ ಪಡೆದ ಒಂದೇ ಸಂಖ್ಯೆಯನ್ನು ಹಿಡಿದು, ಏಳೆಂಟು ನೂರು ಪಟ್ಟು ದಟ್ಟವಾದ ದ್ರವದ ಗುಣವನ್ನು ಇಷ್ಟು ಹತ್ತಿರದಿಂದ ಹೇಳುವುದು ಸಣ್ಣ ಸಾಧನೆಯಲ್ಲ.

ಪ್ರಯೋಗ ಮಾಡುವವರು ಇದನ್ನೇ ತಿರುಗಿಸಿ ಪರೀಕ್ಷೆಯಾಗಿ ಬಳಸುತ್ತಾರೆ. ಪ್ರತಿ ಸಾಂದ್ರತೆಯಲ್ಲೂ ε ಅಳೆದು, ಎರಡು ಸೂತ್ರಗಳಿಂದಲೂ ಧ್ರುವೀಕರಣ ಸಾಮರ್ಥ್ಯವನ್ನು ಹಿಂದಕ್ಕೆ ಲೆಕ್ಕ ಹಾಕಿ, ಸಾಂದ್ರತೆಯ ಎದುರು ನಕ್ಷೆ ಬರೆಯುತ್ತಾರೆ. ಪರಮಾಣು ಬದಲಾಗಿಲ್ಲವಾದ್ದರಿಂದ ಗೆರೆ ಸಮತಟ್ಟಾಗಿರಬೇಕು. ಸರಳ ಸೂತ್ರದ ಗೆರೆ ಮೇಲೇರುತ್ತ ಹೋಗಿ, ದ್ರವದಲ್ಲಿ 4.14 ಇರಬೇಕಾದದ್ದು 4.82 ಆಗುತ್ತದೆ, ಶೇ 16ರಷ್ಟು ಹೆಚ್ಚು. ತಿದ್ದಿದ ಸೂತ್ರದ ಗೆರೆ 4.12ರಲ್ಲಿ ನಿಲ್ಲುತ್ತದೆ. ಗೆರೆ ಏರುತ್ತಿದೆ ಎಂದರೆ ಪರಮಾಣು ಹಿಗ್ಗುತ್ತಿದೆ ಎಂದಲ್ಲ. ಲೆಕ್ಕದಲ್ಲಿ ನೆರೆಹೊರೆಯನ್ನು ಬಿಟ್ಟಿದ್ದೇವೆ ಎಂದು ಅರ್ಥ.

4.14ಕ್ಕೂ 4.12ಕ್ಕೂ ನಡುವೆ ಉಳಿದ ಆ ಸಣ್ಣ ಅಂತರದ ಬಗ್ಗೆಯೂ ಒಂದು ಮಾತು. ಲೊರೆಂಟ್ಸ್‌ನ ಲೆಕ್ಕ ಎಲ್ಲ ಪರಮಾಣುಗಳನ್ನೂ ಬಿಂದುಗಳೆಂದು ಭಾವಿಸಿ, ಪ್ರತಿಯೊಂದರ ಸುತ್ತಲೂ ನೆರೆಯವು ಸಮನಾಗಿ ಹರಡಿವೆ ಎಂದುಕೊಳ್ಳುತ್ತದೆ. ನಿಜದಲ್ಲಿ ಎರಡು ಪರಮಾಣುಗಳು ತೀರಾ ಹತ್ತಿರ ಬಂದಾಗ ಅವುಗಳ ಎಲೆಕ್ಟ್ರಾನ್ ಮೋಡಗಳು ಒತ್ತಿಕೊಂಡು ಜೋಡಿಯ ಒಟ್ಟು ಧ್ರುವೀಕರಣ ಸಾಮರ್ಥ್ಯವೇ ಬದಲಾಗುತ್ತದೆ. ಹೀಲಿಯಂನಲ್ಲಿ ಇದರಿಂದ ಅದು ತುಸು ಇಳಿಯುತ್ತದೆ. ಹೀಗಾಗಿ ಪಿಟಿಬಿಯ ಲೆಕ್ಕದಲ್ಲಿ ಕ್ಲೌಸಿಯಸ್–ಮೊಸ್ಸೊಟ್ಟಿ ಕೊನೆಯ ಮಾತಲ್ಲ. ಅದರ ಮೇಲೆ ಜೋಡಿ ಪರಮಾಣುಗಳ ತಿದ್ದುಪಡಿಯೂ ಕೂತಿರುತ್ತದೆ.

ನೀರಿನಲ್ಲಿ ಕುಸಿಯುವ ಸೂತ್ರ

ದಟ್ಟ ವಸ್ತುಗಳಿಗೆಲ್ಲ ಇದೇ ಮದ್ದು ಎಂದುಕೊಂಡು ನೀರಿಗೆ ಹಚ್ಚಿದರೆ ಅನಾಹುತ. ನೀರಿನ ಅಣು ಹೀಲಿಯಂನಂತಲ್ಲ. ಅದಕ್ಕೆ ಹುಟ್ಟಿನಿಂದಲೇ ಶಾಶ್ವತ ದ್ವಿಧ್ರುವವಿದೆ. ಕ್ಷೇತ್ರ ಬಂದಾಗ ಅಣು ತಿರುಗಿ ನಿಲ್ಲಲು ಯತ್ನಿಸುತ್ತದೆ, ಉಷ್ಣ ಚಲನೆ ಅದನ್ನು ಕದಡುತ್ತದೆ. ಈ ತಿರುಗುವಿಕೆಯ ಪಾಲನ್ನು α ಜೊತೆಗೆ ಸೇರಿಸುವ ದಾರಿಯನ್ನು 1912ರಲ್ಲಿ ಡೆಬೈ ತೋರಿಸಿದ. ನೀರಾವಿಗೆ ಅದು ಸೊಗಸಾಗಿ ಒದಗುತ್ತದೆ.

ದ್ರವ ನೀರಿಗೆ ಅದನ್ನೇ ಹಾಕಿದರೆ ಕೋಣೆಯ ಉಷ್ಣತೆಯಲ್ಲಿ x ಸುಮಾರು 4.1 ಬರುತ್ತದೆ. 1 − x ಋಣವಾಯಿತು; ε ಬೆಲೆ ಸುಮಾರು −3 ಆಯಿತು. ಸೂತ್ರವನ್ನು ನಂಬುವುದಾದರೆ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನೀರಿನ ಅಣುಗಳೆಲ್ಲ ತಾವೇ ಒಂದು ದಿಕ್ಕಿಗೆ ಸಾಲುಗಟ್ಟಿ ನಿಲ್ಲಬೇಕು. ಹಾಗೇನೂ ಆಗುವುದಿಲ್ಲ ಎಂಬುದಕ್ಕೆ ಬಚ್ಚಲ ಮನೆಯ ನಲ್ಲಿಯೇ ಸಾಕ್ಷಿ. ಅಳತೆಯಲ್ಲಿ ನೀರಿನ ε ಸುಮಾರು 78.

ತಪ್ಪು ಎಲ್ಲಿದೆ ಎಂದು 1936ರಲ್ಲಿ ಆನ್‌ಸೇಗರ್ ತೋರಿಸಿದ. ಶಾಶ್ವತ ದ್ವಿಧ್ರುವವಿರುವ ಅಣು ತನ್ನ ಸುತ್ತಲಿನವನ್ನು ಧ್ರುವೀಕರಿಸುತ್ತದೆ. ಅವು ಹಿಂದಿರುಗಿಸುವ ಕ್ಷೇತ್ರದ ಒಂದು ಪಾಲು ಯಾವಾಗಲೂ ಆ ಅಣುವಿನ ದಿಕ್ಕಿನಲ್ಲೇ ಇರುತ್ತದೆ. ಅಣು ಹೇಗೆ ತಿರುಗಿದರೂ ಆ ಪಾಲು ಜೊತೆಗೇ ತಿರುಗುವುದರಿಂದ, ಅಣುವನ್ನು ತಿರುಗಿಸುವ ಶಕ್ತಿ ಅದಕ್ಕಿಲ್ಲ. ಲೊರೆಂಟ್ಸ್‌ನ ಕ್ಷೇತ್ರ ಅದನ್ನೂ ತಿರುಗಿಸುವ ಕ್ಷೇತ್ರವೆಂದೇ ಎಣಿಸಿಬಿಡುತ್ತದೆ. ಆ ಪಾಲನ್ನು ತೆಗೆದ ಆನ್‌ಸೇಗರ್ ಲೆಕ್ಕದಲ್ಲಿ ನೀರಿನ ε ಸುಮಾರು 30ಕ್ಕೆ ಬಂದು ನಿಲ್ಲುತ್ತದೆ. ಋಣ ಸಂಖ್ಯೆಯ ಅಸಂಬದ್ಧ ಹೋಯಿತು, ಆದರೆ ಅರ್ಧ ದಾರಿಯೂ ಆಗಲಿಲ್ಲ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ನೆರೆಯವುಗಳನ್ನು ತಮ್ಮ ದಿಕ್ಕಿಗೇ ಓಲಿಸುತ್ತವೆ ಎಂಬುದನ್ನು 1939ರಲ್ಲಿ ಕರ್ಕ್‌ವುಡ್ ಸೇರಿಸಿದ ಮೇಲಷ್ಟೇ ಉಳಿದ ಅಂತರಕ್ಕೆ ಕಾರಣ ಸಿಕ್ಕಿತು.

ಒತ್ತಡಮಾಪಕ ಕಟ್ಟುವವರಿಗೆ ಈ ನೀರಿನ ಕಥೆ ಬರೀ ಪುಸ್ತಕದ ವಿಷಯವಲ್ಲ. ಕೋಣೆಯ ಉಷ್ಣತೆಯಲ್ಲಿ ಒಂದು ನೀರಿನ ಅಣು ಸುಮಾರು 140 ಹೀಲಿಯಂ ಪರಮಾಣುಗಳಷ್ಟು ಪರಿಣಾಮ ಬೀರುತ್ತದೆ. ಹೀಲಿಯಂನಲ್ಲಿ ದಶಲಕ್ಷಕ್ಕೆ ಒಂದು ಭಾಗ ತೇವ ಉಳಿದರೂ ಒತ್ತಡದಲ್ಲಿ ದಶಲಕ್ಷಕ್ಕೆ 140 ಭಾಗ ತಪ್ಪು ನುಸುಳುತ್ತದೆ. ಅನಿಲದ ಶುದ್ಧೀಕರಣಕ್ಕೆ ಅವರು ಅಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ವಿದ್ಯುತ್ತೋ ಬೆಳಕೋ?

ಈಗ ಕ್ಷೇತ್ರದಲ್ಲಿ ಮೂರು ನಿಲುವುಗಳಿವೆ. ಕೊಂತದ, ಅಂದರೆ ಪಿಸ್ಟನ್‌ನ, ಮೇಲೆ ತೂಕವಿಟ್ಟು ಒತ್ತಡ ಹುಟ್ಟಿಸುವ ಯಾಂತ್ರಿಕ ಮಾಪಕಗಳೇ ಸಾಕು, ಅವೂ ಪಾದರಸ ಬೇಡುವುದಿಲ್ಲ ಎನ್ನುವವರು ಒಂದು ಕಡೆ. ಅವರ ವಾದ ಹಗುರವಾದದ್ದಲ್ಲ. ಹೆಚ್ಚಿನ ಒತ್ತಡಗಳಲ್ಲಿ ಹೊಸ ವಿಧಾನವನ್ನು ಹೋಲಿಸಿ ನೋಡಿದ್ದೇ ಅಂತಹ ಮಾಪಕಗಳೊಂದಿಗೆ. ಆದರೆ ಕೊಂತದ ವಿಸ್ತೀರ್ಣವನ್ನು ಎಷ್ಟು ಚೆನ್ನಾಗಿ ಅಳೆಯಬಹುದು ಎಂಬಲ್ಲಿಗೆ ಅವುಗಳ ನಿಖರತೆ ನಿಲ್ಲುತ್ತದೆ, ಒತ್ತಡ ತಗ್ಗಿದಂತೆ ಅವು ಸೊರಗುತ್ತವೆ.

ಪಿಟಿಬಿಯ ಕೆಪಾಸಿಟರ್ ವಿಧಾನ ಎರಡನೆಯದು. ಮೂರನೆಯದು ನಿಸ್ಟ್‌ನ ಬೆಳಕಿನ ವಿಧಾನ. ಅದು ಎರಡು ಕನ್ನಡಿಗಳ ನಡುವೆ ಲೇಸರ್ ಹಾಯಿಸಿ ಅನಿಲದ ವಕ್ರೀಭವನ ಸೂಚ್ಯಂಕ ಅಳೆಯುತ್ತದೆ. ಸೂಚ್ಯಂಕದ ವರ್ಗ ಹೆಚ್ಚುಕಡಿಮೆ ε ಆಗಿರುವುದರಿಂದ ಇಲ್ಲೂ ಅದೇ ಸ್ಥಳೀಯ ಕ್ಷೇತ್ರ, ಅದೇ ಮೂರನೇ ಒಂದು ಭಾಗ. ಹೆಸರು ಮಾತ್ರ ಲೊರೆಂಟ್ಸ್–ಲೊರೆನ್ಸ್ ಸಂಬಂಧ. ಬೆಳಕಿನ ಆವರ್ತನವನ್ನು ಎಣಿಸುವುದು ಕೆಪಾಸಿಟೆನ್ಸ್ ಅಳೆಯುವುದಕ್ಕಿಂತ ಬಹಳ ನಿಖರ. ಹಾಗಾಗಿ ವಾಯುಮಂಡಲ ಒತ್ತಡ ಮತ್ತು ಅದಕ್ಕಿಂತ ಕೆಳಗೆ ಬೆಳಕು ಗೆಲ್ಲುವ ಸಾಧ್ಯತೆ ಹೆಚ್ಚು. ಒತ್ತಡ ಏರಿದಂತೆ ಕೆಪಾಸಿಟರ್‌ನ ಸಂಕೇತ ತಾನೇ ದೊಡ್ಡದಾಗುವುದರಿಂದ ಅಲ್ಲಿ ಅದರ ಕೈ ಮೇಲಾಗಬಹುದು.

ಎರಡಕ್ಕೂ ಸಮಾನವಾದ ಒಂದು ಇಕ್ಕಟ್ಟಿದೆ. ಹೀಲಿಯಂನ ಸಂಕೇತ ಕ್ಷೀಣ. ಆರ್ಗಾನ್ ಬಳಸಿದರೆ ಅದು ಎಂಟು ಪಟ್ಟಾಗುತ್ತದೆ, ಉಳಿದ ತೇವದ ಕಾಟವೂ ಅಷ್ಟೇ ಪಟ್ಟು ತಗ್ಗುತ್ತದೆ. ಆದರೆ ಆರ್ಗಾನ್‌ನ ಹದಿನೆಂಟು ಎಲೆಕ್ಟ್ರಾನುಗಳನ್ನು ಹೀಲಿಯಂನ ಎರಡರಷ್ಟು ನಿಖರವಾಗಿ ಲೆಕ್ಕ ಹಾಕುವುದು ಇಂದಿಗೂ ಆಗದ ಕೆಲಸ. ಆದ್ದರಿಂದ ಆರ್ಗಾನ್‌ನ α ಬೆಲೆಯನ್ನು ಮೊದಲು ಹೀಲಿಯಂ ಜೊತೆ ಹೋಲಿಸಿ ಪಡೆದುಕೊಂಡು, ಆಮೇಲೆ ದಿನನಿತ್ಯದ ಅಳತೆಗೆ ಆರ್ಗಾನ್ ಬಳಸುವ ದಾರಿ ಉಳಿಯುತ್ತದೆ. ಆರ್ಗಾನ್‌ನ x ಹೀಲಿಯಂನದಕ್ಕಿಂತ ಎಂಟು ಪಟ್ಟು ದೊಡ್ಡದಾದ್ದರಿಂದ, ವಾಯುಮಂಡಲ ಒತ್ತಡದಲ್ಲೇ ಸ್ಥಳೀಯ ಕ್ಷೇತ್ರದ ತಿದ್ದುಪಡಿ 2ರ ಬದಲು 17 ಪ್ಯಾಸ್ಕಲ್ ಆಗುತ್ತದೆ.